‘ಕೀಪ್ ಮೈಸೆಲ್ಫ್ ಇನ್ ಸಿಸಿ’

ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಹೊರಡುವ ಇಂಥದೊಂದು ಇ-ಮೇಲ್ ಊಹಿಸಿಕೊಳ್ಳಿ. ‘ಹಾಯ್ ಟೀಮ್, ಮೈಸೆಲ್ಫ್ ಅಂಡ್ ದೀಪಾ ವಿಲ್ ಹ್ಯಾಂಡಲ್ ದ ಆಡಿಟ್ ಫ್ರಮ್ ಮಂಡೇ. ಪ್ಲೀಸ್ ಸೆಂಡ್ ದ ವೋಚರ್ಸ್ ಟು ದೀಪಾ ಆರ್ ಮೈಸೆಲ್ಫ್. ಐ ರಿಕ್ವೆಸ್ಟ್ ಯು ಟು ಕೀಪ್ ಮೈಸೆಲ್ಫ್ ಇನ್ ಸಿಸಿ. ಐ ವಿಲ್ ಚೆಕ್ ದ ಲೆಡ್ಜರ್ ಮೈಸೆಲ್ಫ್.’

ನಾಲ್ಕು ಸಾಲಿನಲ್ಲಿ ನಾಲ್ಕು ಸಲ ‘ಮೈಸೆಲ್ಫ್’ ಬಂದಿದೆ. ಸರಿಯಾಗಿರುವುದು ಕೊನೆಯದೊಂದೇ. ಮೊದಲನೆಯ ಜಾಗದಲ್ಲಿ ‘ಐ’ ಬರಬೇಕಿತ್ತು, ನಡುವಿನ ಎರಡು ಕಡೆ ‘ಮಿ’ ಬರಬೇಕಿತ್ತು. ಕಾಗುಣಿತ ತಿದ್ದುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಪದದ ಕಾಗುಣಿತದಲ್ಲಿ ತಪ್ಪಿಲ್ಲ. ಓದುವವರಿಗೂ ಅರ್ಥವಾಗಿಬಿಡುತ್ತದೆ. ಹಾಗಾಗಿ ಯಾರೂ ತಿದ್ದುವುದಿಲ್ಲ, ಬರೆದವರು ವರ್ಷಗಟ್ಟಲೆ ಹಾಗೆಯೇ ಬರೆಯುತ್ತಾ ಹೋಗುತ್ತಾರೆ. ಇದನ್ನು ಬರೆಯುವವರು ಇಂಗ್ಲಿಷ್ ಬಾರದವರು ಎಂದುಕೊಳ್ಳಬೇಡಿ. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಹುಟ್ಟಿ ಬೆಳೆದವರೂ ಕಚೇರಿಯ ಮೇಲ್‌ನಲ್ಲಿ ಇದನ್ನೇ ಬರೆಯುತ್ತಾರೆ. ತಪ್ಪು ಒಂದೇ ಆದರೂ ಅವರು ಅಲ್ಲಿಗೆ ಬರುವ ದಾರಿ ಬೇರೆ, ನಾವು ಬರುವ ದಾರಿ ಬೇರೆ.

ಮೊದಲು ಆ ಪದದ ಕೆಲಸ ಏನೆಂದು ನೋಡೋಣ. ಇಂಗ್ಲಿಷಿನಲ್ಲಿ ‘ಮೈಸೆಲ್ಫ್’ಗೆ ಎರಡು ಕೆಲಸ. ಕ್ರಿಯೆ ಮಾಡಿದವರೂ ಅದರ ಫಲ ಪಡೆದವರೂ ಒಬ್ಬರೇ ಎಂದು ತಿಳಿಸುವುದು ಒಂದು: ‘ಐ ಹರ್ಟ್ ಮೈಸೆಲ್ಫ್’, ನಾನು ಗಾಯ ಮಾಡಿಕೊಂಡೆ. ಒತ್ತು ಕೊಡುವುದು ಇನ್ನೊಂದು: ‘ಐ ವಿಲ್ ಚೆಕ್ ದ ಲೆಡ್ಜರ್ ಮೈಸೆಲ್ಫ್’, ಲೆಡ್ಜರ್ ನಾನೇ ಖುದ್ದಾಗಿ ನೋಡುತ್ತೇನೆ. ಈ ಎರಡನೆಯದರಲ್ಲಿ ಪದವನ್ನು ತೆಗೆದುಹಾಕಿದರೂ ವಾಕ್ಯ ಕೆಡುವುದಿಲ್ಲ, ಒತ್ತು ಮಾತ್ರ ಹೋಗುತ್ತದೆ. ಇದರ ಮುಂದೆ ‘ಬೈ’ ಸೇರಿಸಿದರೆ ಅರ್ಥ ಬದಲಾಗುತ್ತದೆ ಎಂಬುದನ್ನೂ ಗಮನಿಸಬೇಕು. ‘ಬೈ ಮೈಸೆಲ್ಫ್’ ಅಂದರೆ ಯಾರ ನೆರವೂ ಇಲ್ಲದೆ, ಒಬ್ಬನೇ ಅಥವಾ ಒಬ್ಬಳೇ. ಆಡಿಟ್ ನಾನೇ ನೋಡಿದೆ ಅನ್ನುವುದಕ್ಕೂ ಒಬ್ಬನೇ ಕೂತು ನೋಡಿದೆ ಅನ್ನುವುದಕ್ಕೂ ಮೇಲಧಿಕಾರಿಯ ಕಣ್ಣಲ್ಲಿ ವ್ಯತ್ಯಾಸವಿದೆ.

ಈಗ ಆ ಇ-ಮೇಲ್‌ನ ಮೂರನೆಯ ಸಾಲಿಗೆ ಬರೋಣ. ಚೆನ್ನಾಗಿ ವ್ಯಾಕರಣ ಕಲಿತವರೂ ಎಡವುವುದು ಅಲ್ಲೇ. ‘ಐ ರಿಕ್ವೆಸ್ಟ್ ಯು ಟು ಕೀಪ್ ಮೈಸೆಲ್ಫ್ ಇನ್ ಸಿಸಿ’ ಎಂಬ ವಾಕ್ಯ ‘ಐ’ ಎಂದೇ ಶುರುವಾಗುತ್ತದೆ. ಕರ್ತೃ ನಾನು, ಆದ್ದರಿಂದ ಮುಂದೆ ‘ಮೈಸೆಲ್ಫ್’ ಬರುವುದು ನ್ಯಾಯವೇ ಅನ್ನಿಸುತ್ತದೆ. ಆದರೆ ಇಲ್ಲಿ ಎರಡು ಕ್ರಿಯೆಗಳಿವೆ. ಕೇಳಿಕೊಳ್ಳುತ್ತಿರುವವನು ನಾನು, ಸಿಸಿಯಲ್ಲಿ ಇಡಬೇಕಾದವರು ನೀವು. ಇಡುವವರು ನೀವಾದ್ದರಿಂದ ಇಡಿಸಿಕೊಳ್ಳುವ ನಾನು ‘ಮಿ’ ಆಗಬೇಕು. ಇಂಗ್ಲಿಷ್ ಪಕ್ಕದ ಕ್ರಿಯೆಯನ್ನಷ್ಟೇ ನೋಡುತ್ತದೆ, ವಾಕ್ಯದ ಆರಂಭದತ್ತ ನೋಡುವುದಿಲ್ಲ. ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿ 1981ರಲ್ಲಿ ಪ್ರಕಟಿಸಿದ ಸಿದ್ಧಾಂತದ ಒಂದು ಮುಖ್ಯ ಸೂತ್ರವೂ ಇದನ್ನೇ ಹೇಳುತ್ತದೆ: ಇಂಥ ಪದಕ್ಕೆ ತಾನು ಯಾರನ್ನು ಸೂಚಿಸುತ್ತದೋ ಅವರು ತನ್ನದೇ ಚಿಕ್ಕ ವಾಕ್ಯದ ಒಳಗೆ ಸಿಗಬೇಕು.

ಅದೇ ನಿಯಮ ತಿರುಗಿಯೂ ಕೆಲಸ ಮಾಡುತ್ತದೆ. ‘ದ ಮ್ಯಾನೇಜರ್ ಆಸ್ಕ್ಡ್ ಮಿ ಟು ಇಂಟ್ರೊಡ್ಯೂಸ್ ಮೈಸೆಲ್ಫ್’ ಪೂರ್ತಿ ಸರಿ. ವಾಕ್ಯ ಶುರುವಾಗುವುದು ಮ್ಯಾನೇಜರಿಂದ, ಆದರೆ ಪರಿಚಯ ಮಾಡಿಕೊಳ್ಳುವವನು ನಾನು. ‘ಪ್ಲೀಸ್ ಸೆಂಡ್’ ಎಂಬಂಥ ಆಜ್ಞಾವಾಕ್ಯದಲ್ಲಿ ಕರ್ತೃವೇ ಕಾಣುವುದಿಲ್ಲ. ಅಲ್ಲಿ ಮರೆಯಲ್ಲಿರುವುದು ‘ನೀವು’. ಹಾಗಾಗಿ ‘ಪ್ಲೀಸ್ ಕಾಲ್ ಮಿ’ ಸರಿ, ‘ಪ್ಲೀಸ್ ಇಂಟ್ರೊಡ್ಯೂಸ್ ಯುವರ್‌ಸೆಲ್ಫ್’ ಕೂಡ ಸರಿ.

ಇದನ್ನು ಪತ್ತೆ ಮಾಡಲು ಕನ್ನಡಿಗರ ಕೈಯಲ್ಲೇ ಒಂದು ಸಾಧನವಿದೆ, ನಾವು ಅದನ್ನು ಬಳಸುವುದಿಲ್ಲ ಅಷ್ಟೆ. ಇಂಗ್ಲಿಷ್ ಸರ್ವನಾಮದ ಮೇಲೆ ಹೇರುವ ಈ ಹೊಣೆಯನ್ನು ಕನ್ನಡ ಹೆಚ್ಚಾಗಿ ಕ್ರಿಯಾಪದದ ಬಾಲಕ್ಕೆ ಕೊಡುತ್ತದೆ. ಹೊಡೆದ, ಹೊಡೆದುಕೊಂಡ. ಪರಿಚಯಿಸಿದ, ಪರಿಚಯಿಸಿಕೊಂಡ. ಆ ‘ಕೊಂಡ’ದಲ್ಲೇ ಎಲ್ಲ ಇದೆ. ಬರೆಯುವ ಮುಂಚೆ ಆ ತುಣುಕನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ. ‘ನನ್ನನ್ನು ಸಿಸಿಯಲ್ಲಿ ಇಡಿ’ ಅನ್ನುತ್ತೇವೆ. ‘ಕೊಳ್ಳಿ’ ಬರಲಿಲ್ಲ, ‘ನಾನೇ’ ಬರಲಿಲ್ಲ, ಆದ್ದರಿಂದ ‘ಮಿ’. ‘ನನಗೆ ನಾನೇ ಒಂದು ಪ್ರತಿ ಕಳಿಸಿಕೊಂಡಿದ್ದೇನೆ’ ಅನ್ನುವಾಗ ಎರಡೂ ಬಂದವು. ಅಲ್ಲಿ ‘ಐ ಹ್ಯಾವ್ ಸೆಂಟ್ ಮೈಸೆಲ್ಫ್ ಎ ಕಾಪಿ’ ಎಂದು ಧೈರ್ಯವಾಗಿ ಬರೆಯಬಹುದು. ಬರೀ ‘ಕೊಳ್ಳು’ ಸಾಕಾಗುವುದಿಲ್ಲ ಎಂಬ ಎಚ್ಚರ ಇರಲಿ. ಪೆನ್ನು ತೆಗೆದುಕೊಂಡೆ ಅನ್ನುವಲ್ಲಿ ಅದು ‘ನನಗೋಸ್ಕರ’ ಎಂಬಷ್ಟೇ ಅರ್ಥ ಕೊಡುತ್ತದೆ, ಇಂಗ್ಲಿಷಿನಲ್ಲಿ ಅಲ್ಲಿ ‘ಮೈಸೆಲ್ಫ್’ ಬೇಕಾಗುವುದೇ ಇಲ್ಲ. ‘ನನ್ನನ್ನು ನಾನೇ’ ಅಥವಾ ‘ನನಗೆ ನಾನೇ’ ಎಂದು ಜೊತೆಗೆ ಸೇರಿಸಿ ಹೇಳಿದಾಗ ವಾಕ್ಯ ಸಹಜವಾಗಿ ಕೇಳಿಸಬೇಕು.

ಇನ್ನೊಬ್ಬರ ಹೆಸರಿನ ಜೊತೆ ಬಂದಾಗಿನ ಗೊಂದಲಕ್ಕೆ ಇನ್ನೂ ಸುಲಭದ ಉಪಾಯವಿದೆ. ಆ ಹೆಸರನ್ನು ತೆಗೆದು ಓದಿ. ‘ಸೆಂಡ್ ದ ವೋಚರ್ಸ್ ಟು ಮೈಸೆಲ್ಫ್’ ಎಂದು ಯಾರೂ ಹೇಳುವುದಿಲ್ಲ, ‘ಟು ಮಿ’ ಅನ್ನುತ್ತಾರೆ. ದೀಪಾಳನ್ನು ಮತ್ತೆ ತಂದು ಕೂರಿಸಿದರೂ ಆ ‘ಮಿ’ ಬದಲಾಗಬೇಕಿಲ್ಲ. ‘ಮೈಸೆಲ್ಫ್ ವಿಲ್ ಹ್ಯಾಂಡಲ್ ದ ಆಡಿಟ್’ ಕೂಡ ಒಂಟಿಯಾಗಿ ನಿಂತರೆ ಕುಂಟುವುದು ಕಾಣುತ್ತದೆ. ಅಲ್ಲಿ ‘ದೀಪಾ ಅಂಡ್ ಐ’ ಆಗಬೇಕು.

ಇಂಗ್ಲಿಷೇ ಮನೆಮಾತಾದವರು ಯಾಕೆ ಎಡವುತ್ತಾರೆ ಎಂಬುದಕ್ಕೂ ಈ ಜೋಡಿ ಹೆಸರೇ ಉತ್ತರ. ಅಲ್ಲಿನ ಮಕ್ಕಳು ಸಹಜವಾಗಿ ‘ಮಿ ಅಂಡ್ ಟಾಮ್ ವೆಂಟ್’ ಅನ್ನುತ್ತಾರೆ. ಮನೆಯಲ್ಲೂ ಶಾಲೆಯಲ್ಲೂ ಅದನ್ನು ‘ಟಾಮ್ ಅಂಡ್ ಐ’ ಎಂದು ತಿದ್ದುತ್ತಾರೆ. ಮಗುವಿನ ಮನಸ್ಸಿನಲ್ಲಿ ಉಳಿಯುವುದು ನಿಯಮವಲ್ಲ, ಅಂಜಿಕೆ: ‘ಮಿ’ ಎಂಬುದು ಒರಟು ಪದ, ತಿಳಿದವರು ಆಡುವುದಲ್ಲ. ದೊಡ್ಡವರಾದ ಮೇಲೆ ಸರಿಯಿದ್ದ ಕಡೆಯೂ ‘ಮಿ’ ತೆಗೆದು ‘ಬಿಟ್ವೀನ್ ಯು ಅಂಡ್ ಐ’ ಎಂದು ಬರೆಯುತ್ತಾರೆ. ತಪ್ಪಾದೀತೆಂಬ ಭಯದಿಂದ ಸರಿಯನ್ನೂ ತಿದ್ದುವ ಇದನ್ನು ಭಾಷಾಶಾಸ್ತ್ರದಲ್ಲಿ ಅತಿತಿದ್ದುಪಡಿ ಎನ್ನುತ್ತಾರೆ. ಅದೂ ಅನುಮಾನವಾದಾಗ ಸಿಗುವ ಮೂರನೆಯ ಪದವೇ ‘ಮೈಸೆಲ್ಫ್’. ‘ಐ’ಯೋ ‘ಮಿ’ಯೋ ಎಂದು ಆರಿಸುವ ಕಷ್ಟವನ್ನು ಅದು ತಪ್ಪಿಸುತ್ತದೆ, ಜೊತೆಗೆ ಕೊಂಚ ಉದ್ದವಾಗಿ, ಗಂಭೀರವಾಗಿ ಕೇಳಿಸುತ್ತದೆ.

ನಮ್ಮ ಕಥೆ ಬೇರೆ. ಇಂಟರ್‌ವ್ಯೂಗಳಲ್ಲಿ, ವಾಟ್ಸ್ಆ್ಯಪ್ ಗುಂಪಿಗೆ ಹೊಸದಾಗಿ ಸೇರಿದಾಗ, ‘ಮೈಸೆಲ್ಫ್ ಸುರೇಶ್, ಫ್ರಮ್ ಹಾವೇರಿ’ ಎಂದು ಶುರು ಮಾಡುವವರು ಲೆಕ್ಕವಿಲ್ಲ. ‘ನಾನು ಸುರೇಶ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ, ಎರಡು ಪದದಲ್ಲೇ ಅದು ಪೂರ್ತಿಯಾಗುತ್ತದೆ. ಹಿಂದಿ, ತೆಲುಗು, ತಮಿಳುಗಳ ವ್ಯವಸ್ಥೆಗಳು ಒಂದೊಂದು ಬಗೆಯವಾದರೂ ಈ ‘ಮೈಸೆಲ್ಫ್’ ದೇಶವಿಡೀ ಇದೆ. ಪ್ರಾಥಮಿಕ ಶಾಲೆಯಲ್ಲಿ ಹತ್ತು ಸಾಲು ಬಾಯಿಪಾಠ ಮಾಡಿಸುವ ಸ್ವಪರಿಚಯದ ಪ್ರಬಂಧಕ್ಕೆ ತಲೆಬರಹವೇ ‘ಮೈಸೆಲ್ಫ್’ ಆಗಿರುವುದು ಇದಕ್ಕೆ ಒತ್ತಾಸೆಯಾಗಿರಬೇಕು ಎಂಬುದು ನನ್ನ ಊಹೆ. ತಲೆಬರಹವಾಗಿ ಅದು ಸರಿಯೇ. ವಾಕ್ಯವಾದಾಗ ‘ಐ ಆ್ಯಮ್ ಸುರೇಶ್’ ಆಗಬೇಕು. ಭಾರತದೊಳಗೆ ಇದನ್ನು ಕೇಳಿ ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಹೊರದೇಶದ ಗ್ರಾಹಕರಿಗೆ ಬರೆಯುವ ಮೊದಲ ಮೇಲ್‌ನ ಮೊದಲ ಪದವೇ ಇದಾದರೆ ಮಾತ್ರ ಬರೆದವರ ಉಳಿದ ಇಂಗ್ಲಿಷನ್ನೂ ಅವರು ಅನುಮಾನದಿಂದ ಓದತೊಡಗುತ್ತಾರೆ. ಇಂಗ್ಲಿಷ್ ಚೆನ್ನಾಗಿಯೇ ಬರೆಯಬಲ್ಲ ಹುಡುಗ ಹುಡುಗಿಯರು ಇಷ್ಟು ಚಿಕ್ಕ ಕಾರಣಕ್ಕೆ ಹಗುರಾಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗೆಂದು ಕಂಡಲ್ಲೆಲ್ಲ ಕೆಂಪು ಶಾಯಿ ಎಳೆಯುವುದೂ ಸರಿಯಲ್ಲ. ‘ಪೀಪಲ್ ಲೈಕ್ ಮೈಸೆಲ್ಫ್’, ‘ನೋ ಒನ್ ಬಟ್ ಮೈಸೆಲ್ಫ್’ ಇಂಥವನ್ನು ಒಳ್ಳೆಯ ಇಂಗ್ಲಿಷ್ ಲೇಖಕರು ಶತಮಾನಗಳಿಂದ ಬರೆದಿದ್ದಾರೆ. ಭಾಷಾಶಾಸ್ತ್ರಜ್ಞ ಜಾನ್ ರಾಬರ್ಟ್ ರಾಸ್ 1970ರ ಒಂದು ಪ್ರಬಂಧದಲ್ಲಿ ಇಂಥ ಪ್ರಯೋಗಗಳನ್ನೇ ಹಿಡಿದು, ನಾವು ಆಡುವ ಪ್ರತಿ ವಾಕ್ಯದ ಹಿಂದೆಯೂ ‘ನಾನು ನಿಮಗೆ ಹೇಳುತ್ತಿದ್ದೇನೆ’ ಎಂಬ ಕಾಣದ ವಾಕ್ಯವೊಂದಿದೆ, ಈ ‘ಮೈಸೆಲ್ಫ್’ ಆ ‘ನಾನು’ವಿಗೆ ಗಂಟು ಹಾಕಿಕೊಂಡಿದೆ ಎಂದು ವಾದಿಸಿದರು. ಆ ವಾದ ಮುಂದೆ ನಿಲ್ಲಲಿಲ್ಲ, ಆದರೆ ಪ್ರಯೋಗ ನಿಂತಿದೆ. ಮೆರಿಯಮ್-ವೆಬ್‌ಸ್ಟರ್ 1989ರಲ್ಲಿ ತಂದ ಬಳಕೆಯ ನಿಘಂಟು ಹೆಸರಾಂತ ಲೇಖಕರ ಉದಾಹರಣೆಗಳೊಂದಿಗೆ ಇದನ್ನು ಸಮರ್ಥಿಸುತ್ತದೆ. ಐರ್ಲೆಂಡಿನಲ್ಲಂತೂ ಮನೆಯ ಯಜಮಾನರನ್ನು ‘ಹಿಮ್‌ಸೆಲ್ಫ್’ ಎಂದೇ ಕರೆಯುವ ರೂಢಿಯಿದೆ. ‘ದೀಪಾ ಆರ್ ಮೈಸೆಲ್ಫ್’ ಎಂಬ ಜೋಡಿ ಬಳಕೆಯನ್ನು ಈ ಗಡಿಯ ಮೇಲೆ ಇಡಬಹುದು. ಕೆಲವರು ಸಹಿಸುತ್ತಾರೆ, ಹಲವರು ಮುಖ ಸಿಂಡರಿಸುತ್ತಾರೆ. ಕಚೇರಿಯ ಸಂದೇಶದಲ್ಲಿ ‘ಮಿ’ ಬರೆದರೆ ಯಾರ ತಕರಾರೂ ಇರುವುದಿಲ್ಲವಾದ್ದರಿಂದ ನಾನು ಅದನ್ನೇ ಹೇಳುತ್ತೇನೆ. ‘ಕಾಲ್ ಮೈಸೆಲ್ಫ್’ ಎಂದು ಒಂಟಿಯಾಗಿ ಬರೆಯುವುದಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಈ ಪದದ ಜೋಡಿ ‘ಯುವರ್‌ಸೆಲ್ಫ್’. ಬ್ರಿಟನ್ನಿನ ಕಾಲ್ ಸೆಂಟರುಗಳಲ್ಲಿ, ಅಲ್ಲಿಂದ ಕಲಿತ ಬೆಂಗಳೂರಿನ ಕಾಲ್ ಸೆಂಟರುಗಳಲ್ಲೂ, ‘ಐ ವಿಲ್ ಸೆಂಡ್ ಇಟ್ ಟು ಯುವರ್‌ಸೆಲ್ಫ್’ ಎಂಬ ಮಾತು ಕೇಳಿಸುತ್ತದೆ. ಇದರ ಹಿಂದಿರುವುದು ಮರ್ಯಾದೆ. ಇಂಗ್ಲಿಷಿನಲ್ಲಿ ನೀನು-ನೀವು ಎಂಬ ಭೇದ ಅಳಿದು ಶತಮಾನಗಳಾದವು. ಮಗುವಿಗೂ ಮಹಾರಾಣಿಗೂ ‘ಯು’ ಒಂದೇ. ಗ್ರಾಹಕರಿಗೆ ಬರೀ ‘ಯು’ ಅನ್ನಲು ಹಿಂಜರಿದವರು ಅದಕ್ಕೆ ‘ಸೆಲ್ಫ್’ ಸೇರಿಸಿ ಗೌರವದ ರೂಪವೊಂದನ್ನು ತಾವೇ ಕಟ್ಟಿಕೊಳ್ಳುತ್ತಿದ್ದಾರೆ.

ಕನ್ನಡ ಈ ದಾರಿಯಲ್ಲಿ ಎಂದೋ ನಡೆದುಹೋಗಿದೆ. ‘ತಾನು’ ಎಂಬುದು ನಮ್ಮ ಆತ್ಮಾರ್ಥಕ ಸರ್ವನಾಮ: ರವಿ ತಾನು ಬರುತ್ತೇನೆಂದ. ಅದರ ಬಹುವಚನ ‘ತಾವು’ ಎದುರಿಗಿರುವವರಿಗೆ ಹೇಳುವ ಅತಿ ಗೌರವದ ಪದವಾಗಿದೆ: ತಾವು ದಯಮಾಡಿಸಬೇಕು, ತಮ್ಮ ಪತ್ರ ತಲುಪಿತು. ಹಿಂದಿಯ ‘ಆಪ್’ ಹುಟ್ಟಿದ್ದೂ ಸಂಸ್ಕೃತದ ‘ಆತ್ಮನ್’ನಿಂದ. ನೇರವಾಗಿ ‘ನೀನು’ ಎಂದು ಬೆರಳು ತೋರಿಸುವ ಬದಲು ಬಳಸಿ ಕರೆಯುವುದು ಮನುಷ್ಯರಿಗೆ ಎಲ್ಲೆಡೆ ಮರ್ಯಾದೆಯಾಗಿ ಕಂಡಿದೆ. ‘ತಾವು’ ಎಂದು ಬರೆದು ರೂಢಿಯಾದ ಗುಮಾಸ್ತರು ಇಂಗ್ಲಿಷಿನಲ್ಲಿ ಬರೀ ‘ಯು’ ಬರೆಯಲು ತಡವರಿಸಿದರೆ ಆಶ್ಚರ್ಯವಿಲ್ಲ.

ಆದರೆ ಇಂಗ್ಲಿಷಿನಲ್ಲಿ ಆ ರೂಪ ಇನ್ನೂ ನೆಲೆಯೂರಿಲ್ಲ. ಓದುವವರಿಗೆ ಅದು ಗೌರವವಾಗಿ ತಲುಪದೆ ತಪ್ಪಾಗಿಯೇ ತಲುಪುತ್ತದೆ. ಅಲ್ಲಿ ಗೌರವ ಇರುವುದು ಕೇಳುವ ರೀತಿಯಲ್ಲಿ. ‘ಸೆಂಡ್ ದ ಫೈಲ್’ ಬದಲು ‘ಕುಡ್ ಯು ಪ್ಲೀಸ್ ಸೆಂಡ್ ದ ಫೈಲ್’ ಎಂದರೆ, ಯಾವಾಗ ಬೇಕು, ಯಾಕೆ ಬೇಕು ಎಂದು ಒಂದು ಸಾಲು ಸೇರಿಸಿದರೆ, ಮರ್ಯಾದೆ ಸಂದಾಯವಾಯಿತು. ಆ ಮೊದಲಿನ ಇ-ಮೇಲನ್ನು ಹೀಗೆ ಕಳಿಸಬಹುದಿತ್ತು: ‘ಹಾಯ್ ಟೀಮ್, ದೀಪಾ ಅಂಡ್ ಐ ವಿಲ್ ಹ್ಯಾಂಡಲ್ ದ ಆಡಿಟ್ ಫ್ರಮ್ ಮಂಡೇ. ಕುಡ್ ಯು ಪ್ಲೀಸ್ ಸೆಂಡ್ ದ ವೋಚರ್ಸ್ ಟು ದೀಪಾ ಆರ್ ಮಿ ಬೈ ಫ್ರೈಡೇ, ಅಂಡ್ ಕೀಪ್ ಮಿ ಇನ್ ಸಿಸಿ? ಐ ವಿಲ್ ಚೆಕ್ ದ ಲೆಡ್ಜರ್ ಮೈಸೆಲ್ಫ್.’