ನೇರ ಅಂಚಿಗೆ ಮೀಸೆ, ಕ್ರಾಸ್ ಅಂಚಿಗೆ ಹುರಿ

ದೀಪಾವಳಿಗೆಂದು ಮಗಳಿಗೆ ಜಾರ್ಜೆಟ್‌ನ ಅಂಬ್ರೆಲಾ ಲಂಗ ಹೊಲಿಸಿದ್ದೆ. ಸೊಂಟದ ಹತ್ತಿರ ಚೆನ್ನಾಗಿಯೇ ಕೂತಿತ್ತು. ಕೆಳಗಿನ ಅಂಚು ಮಾತ್ರ ವಿಚಿತ್ರವಾಗಿತ್ತು. ಒಂದೂವರೆ ಮೊಳದಷ್ಟು ಉದ್ದ ಚಪ್ಪಟೆಯಾಗಿ ಬಿದ್ದಿದೆ, ಮುಂದಿನ ಎರಡು ಮೊಳ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ, ಮತ್ತೆ ಚಪ್ಪಟೆ, ಮತ್ತೆ ತಿರುಚು. ಚಪ್ಪಟೆಯಿದ್ದ ಕಡೆ ಮಡಿಕೆಯ ಒಳಗಿನಿಂದ ಸಣ್ಣ ಸಣ್ಣ ಎಳೆಗಳು ಇಣುಕುತ್ತಿದ್ದವು. ಹೊಲಿದುಕೊಟ್ಟವರನ್ನು ಕೇಳಿದರೆ, "ಜಾರ್ಜೆಟ್ ಅಂದ್ರೆ ಹಂಗೇ ಮೇಡಂ" ಅಂದರು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಲಂಗವನ್ನು ಚೀಲಕ್ಕೆ ಹಾಕಿಕೊಂಡು, ನಮ್ಮ ಬೀದಿಯ ಕೊನೆಯಲ್ಲಿ ಪೀಕೋ-ಫಾಲ್ಸ್ ಅಂಗಡಿ ಇಟ್ಟಿರುವ ಹೆಂಗಸಿನ ಹತ್ತಿರ ಹೋದೆ.

ಆಕೆ ಅಂಚನ್ನು ಬೆರಳ ಸಂದಿಯಲ್ಲಿ ಸುತ್ತಲೂ ಜಾರಿಸಿ ನೋಡಿ, "ಇದು ಒಂದು ಕಾಯಿಲೆ ಅಲ್ಲ ಅಕ್ಕಾ, ಎರಡು. ಮೀಸೆ ಬಂದಿರೋ ಕಡೆ ತಿರುಚಿಲ್ಲ, ತಿರುಚಿರೋ ಕಡೆ ಮೀಸೆ ಇಲ್ಲ. ನೀವೇ ನೋಡಿ" ಅಂದರು. ನೋಡಿದೆ. ನಿಜವಾಗಿಯೂ ಹಾಗೇ ಇತ್ತು. ಅಷ್ಟು ದಿನ ಆ ಲಂಗವನ್ನು ತಿರುಗಿಸಿ ಮುರುಗಿಸಿ ನೋಡಿದ್ದ ನನಗೆ ಅದು ಕಂಡಿರಲಿಲ್ಲ.

ಎರಡೂ ಕಾಯಿಲೆಗೆ ಮೂಲ ಒಂದೇ, ನೂಲಿನ ಹುರಿ. ಜಾರ್ಜೆಟ್ ಕತ್ತರಿಸಿದ ತುದಿಯಿಂದ ಒಂದು ಎಳೆಯನ್ನು ಎಳೆದುಕೊಳ್ಳಿ. ಅದರ ಎರಡೂ ತುದಿ ಹಿಡಿದು ಹತ್ತಿರ ತಂದರೆ ಅದು ಸುಮ್ಮನೆ ಜೋಲುವುದಿಲ್ಲ, ತನ್ನ ಮೈಗೆ ತಾನೇ ಸುತ್ತಿಕೊಳ್ಳುತ್ತದೆ. ಕ್ರೇಪ್ ಜಾತಿಯ ರೇಷ್ಮೆ ನೂಲಿಗೆ ಒಂದು ಮೀಟರ್‌ಗೆ 2,000ಕ್ಕೂ ಮೀರಿ ಸುತ್ತು ಕೊಟ್ಟಿರುತ್ತಾರೆ. ನಮ್ಮ ಮೈಸೂರು ಸಿಲ್ಕ್‌ನ ಕ್ರೇಪ್ ಸೀರೆಯ ಹೊಕ್ಕಿಗೂ ಇಂಥ ಹುರಿ ನೂಲೇ. ಜಾರ್ಜೆಟ್‌ನಲ್ಲಿ ಹಾಸು, ಹೊಕ್ಕು ಎರಡಕ್ಕೂ ಹುರಿ ಇರುತ್ತದೆ. ಕೆಲವು ಎಳೆಗೆ ಬಲಕ್ಕೆ, ಪಕ್ಕದವಕ್ಕೆ ಎಡಕ್ಕೆ. ಒಂದರ ಎಳೆತವನ್ನು ಇನ್ನೊಂದು ತಡೆಯುವುದರಿಂದ ಬಟ್ಟೆ ಸುರುಳಿಯಾಗದೆ ನಿಲ್ಲುತ್ತದೆ. ಕೈಯಾಡಿಸಿದರೆ ಮರಳು ಮರಳಾಗಿ ತಾಗುವುದೂ ಈ ಜಗ್ಗಾಟದಿಂದಲೇ. ಶಿಫಾನ್ ಇದರ ತೆಳ್ಳಗಿನ ತಂಗಿ. ನೂಲು ಇನ್ನೂ ಸಣ್ಣ, ನೇಯ್ಗೆ ಇನ್ನೂ ಬಿಡಿ, ಜಾರುವುದಂತೂ ಕೇಳುವುದೇ ಬೇಡ.

ಇದರ ಮೇಲೆ ಇನ್ನೊಂದು ತೊಡಕಿದೆ. ಹತ್ತಿ ನೂಲು ಒಂದೊಂದು ಇಂಚಿನ ಆಸುಪಾಸಿನ ನಾರುಗಳನ್ನು ಸೇರಿಸಿ ತೆಗೆದದ್ದು. ಅದರ ಮೈತುಂಬ ಸಣ್ಣ ರೋಮ. ಆ ರೋಮಗಳು ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತವೆ. ರೇಷ್ಮೆಯ ಎಳೆ, ಪಾಲಿಯೆಸ್ಟರ್‌ನ ಎಳೆ ಹಾಗಲ್ಲ. ಅವು ಕಡಿಯದ ಉದ್ದ ತಂತುಗಳು, ಗಾಜಿನಂತೆ ನುಣುಪು. ಬಟ್ಟೆ ಕತ್ತರಿಸಿದಾಗ ತುದಿಯ ಎಳೆಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಜಾರಿ ಹೊರಬೀಳುತ್ತದೆ.

ಮೊದಲು ಮೀಸೆಯ ವಿಚಾರ. ಇದು ಸೀರೆ ಉಡುವವರಿಗೆಲ್ಲ ಗೊತ್ತಿರುವ ಕಾಟ. ಸೀರೆಯ ಉದ್ದದ ಎರಡು ಅಂಚು ಮಗ್ಗದಲ್ಲೇ ಕಟ್ಟಿ ಬಂದಿರುತ್ತವೆ, ಅವಕ್ಕೆ ಪೀಕೋ ಬೇಡ. ಪೀಕೋ ಬೇಕಾಗುವುದು ಕತ್ತರಿಸಿದ ಎರಡು ತುದಿಗೆ, ಸೆರಗಿಗೆ ಮತ್ತು ಒಳಗೆ ಸಿಕ್ಕಿಸಿಕೊಳ್ಳುವ ತುದಿಗೆ. ಅಲ್ಲಿ ಅಂಚಿನ ಜೊತೆಗೇ ಸಾಗುವುದು ಹೊಕ್ಕಿನ ಎಳೆ. ಹಾಸಿನ ಎಳೆಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ಅಂಚಿಗೆ ಬಂದು ಮುಗಿದಿರುತ್ತವೆ. ಆ ತುದಿಗಳನ್ನು ಸುರುಳಿಯೊಳಗೆ ಸುತ್ತಿ ಹೊಲಿಯುವುದೇ ಪೀಕೋ. ಆದರೆ ಹುರಿ ತುಂಬಿದ ಎಳೆ ಮಡಚಿದಲ್ಲಿ ಮಡಚಿಕೊಂಡು ಸುಮ್ಮನಿರುವುದಿಲ್ಲ, ಸ್ಪ್ರಿಂಗ್‌ನಂತೆ ನೆಟ್ಟಗಾಗಲು ನೋಡುತ್ತದೆ. ಸುರುಳಿಗೆ ಬಟ್ಟೆ ಸಾಕಷ್ಟು ಸಿಕ್ಕಿಲ್ಲದಿದ್ದರೆ ಎರಡು ಹೊಲಿಗೆಯ ನಡುವಿನಿಂದ ತಲೆ ಹಾಕುತ್ತದೆ. ಅದನ್ನು ಕತ್ತರಿಯಿಂದ ಕಚಕ್ಕೆಂದು ಕತ್ತರಿಸುವುದು ನಮ್ಮೆಲ್ಲರ ಅಭ್ಯಾಸ. ಒಂದೆರಡು ಎಳೆಗಾದರೆ ಪರವಾಗಿಲ್ಲ. ಆದರೆ ಎಳೆದು ಕತ್ತರಿಸಿದರೆ ಹೊಲಿಗೆಯ ಒಳಗೆ ಉಳಿದ ತುಂಡು ಇನ್ನೂ ಗಿಡ್ಡವಾಗಿ, ಮುಂದಿನ ಒಗೆತಕ್ಕೆ ಪೂರ್ತಿ ಜಾರುತ್ತದೆ. ಹೀಗೆ ಕೆಲವು ಎಳೆ ಜಾರಿದ ಮೇಲೆ ಪೀಕೋ ಹೊಲಿಗೆಯೇ ಒಂದು ದಾರದಂತೆ ಬಟ್ಟೆಯಿಂದ ಬೇರೆಯಾಗಿ ನೇತಾಡುತ್ತದೆ. ಹೊಲಿಗೆ ಬಿಚ್ಚಿತು ಅನ್ನುತ್ತೇವೆ. ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ, ಬಿಟ್ಟುಹೋಗಿದ್ದು ಬಟ್ಟೆ.

ಇದಕ್ಕೆ ಮದ್ದು ಸುರುಳಿಗೆ ಹೆಚ್ಚು ಬಟ್ಟೆ ಕೊಡುವುದು. ಸುರುಳಿ ಎಷ್ಟು ಸಣ್ಣವೋ ಅಷ್ಟು ನಾಜೂಕು ಎಂದು ಗಿರಾಕಿ ಕೇಳುತ್ತಾರೆ, ಅಂಗಡಿಯವರು ಮಾಡಿಕೊಡುತ್ತಾರೆ. ತೆಳು ಶಿಫಾನ್‌ಗೆ ಅದು ಸರಿ. ಜಾರ್ಜೆಟ್‌ಗೆ ನೂಲೆಳೆಯಷ್ಟು ಹೆಚ್ಚು ದಪ್ಪವಿದ್ದರೆ ಒಳ್ಳೆಯದು.

ಇನ್ನು ತಿರುಚು. ಅಂಬ್ರೆಲಾ ಲಂಗವೆಂದರೆ ಪೂರ್ತಿ ವೃತ್ತ. ಅದರ ಅಂಚು ಸುತ್ತು ಬರುವಾಗ ನಾಲ್ಕು ಕಡೆ ಎಳೆಗೆ ನೇರವಾಗಿ ಸಾಗುತ್ತದೆ, ನಡುವಿನ ನಾಲ್ಕು ಕಡೆ ಎಳೆಗೆ ಓರೆಯಾಗಿ, ಅಂದರೆ ದರ್ಜಿಗಳು ಹೇಳುವ ಕ್ರಾಸ್‌ನಲ್ಲಿ. ಮಗಳ ಲಂಗದ ಚಪ್ಪಟೆ ಜಾಗ ನಾಲ್ಕು, ತಿರುಚಿದ ಜಾಗ ನಾಲ್ಕು. ಲೆಕ್ಕ ಸರಿಹೋಯಿತು. ಕ್ರಾಸ್‌ನಲ್ಲಿ ಎಳೆಗಳು ಓರೆಯಾಗಿ ಕತ್ತರಿಸಿರುವುದರಿಂದ ಸುರುಳಿಯೊಳಗೆ ಸುಲಭವಾಗಿ ಬಾಗುತ್ತವೆ. ಅದಕ್ಕೇ ಅಲ್ಲಿ ಮೀಸೆ ಇಲ್ಲ. ಆದರೆ ಓರೆಗೆ ಎಳೆದರೆ ಬಟ್ಟೆ ರಬ್ಬರಿನಂತೆ ಉದ್ದವಾಗುತ್ತದೆ. ಕರ್ಚೀಫನ್ನು ಎದುರುಬದುರು ಮೂಲೆ ಹಿಡಿದು ಎಳೆದು ನೋಡಿದರೆ ಗೊತ್ತಾಗುತ್ತದೆ.

ಮೆಷಿನ್‌ನಲ್ಲಿ ಆಗುವುದೂ ಅದೇ. ಕೆಳಗಿನ ಹಲ್ಲು ಕೆಳಪದರವನ್ನು ಹಿಂದಕ್ಕೆ ಸಾಗಿಸುತ್ತದೆ, ಮೇಲಿನ ಫೂಟ್ ಮೇಲ್ಪದರವನ್ನು ಒತ್ತಿ ತಡೆಯುತ್ತದೆ. ಕಾಟನ್‌ನಲ್ಲಿ ಈ ಜಗಳ ಗೊತ್ತಾಗುವುದಿಲ್ಲ. ಕ್ರಾಸ್‌ನಲ್ಲಿರುವ ಜಾರ್ಜೆಟ್‌ನಲ್ಲಿ ಮಡಿಸಿದ ಪದರ ಕೆಳಪದರದಿಂದ ಕೂದಲೆಳೆಯಷ್ಟು ಹಿಂದುಮುಂದಾಗಿ ಹೊಲಿಗೆ ಬೀಳುತ್ತದೆ. ಅಂಗಿಗೆ ಗುಂಡಿ ಹಾಕುವಾಗ ಒಂದು ಕಾಜಾ ತಪ್ಪಿದರೆ ಅಂಗಿಯೆಲ್ಲ ಓರೆಯಾಗುತ್ತದಲ್ಲ, ಹಾಗೆ. ಇಲ್ಲಿ ಪ್ರತಿ ಹೊಲಿಗೆಯಲ್ಲೂ ಕಾಜಾ ತಪ್ಪುತ್ತಾ ಹೋಗುತ್ತದೆ. ಓರೆ ಗೆರೆಗಳು ಸಾಲಾಗಿ ಎದ್ದು, ಅಂಚು ಹಗ್ಗದಂತೆ ಕಾಣುತ್ತದೆ. ಇದರ ಜೊತೆ ಹೊಲಿಯುವವರು ಬೇಗ ಮುಗಿಯಲೆಂದು ಬಟ್ಟೆಯನ್ನು ಮುಂದಿನಿಂದ ಹಿಡಿದೆಳೆದರೆ ಅಂಚು ಅಲೆಅಲೆಯೂ ಆಗುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ತಾತ್ಕಾಲಿಕ, ಒಂದು ಸಲ ಉಟ್ಟು ಕೂತೆದ್ದರೆ ಮತ್ತೆ ತಿರುಚುತ್ತದೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಆಕೆ ಮಾಡಿದ ಪರೀಕ್ಷೆ ಸರಳವಾದದ್ದು. ಅದೇ ಬಟ್ಟೆಯ ತುಂಡೊಂದನ್ನು ಕ್ರಾಸ್‌ಗೆ ಕತ್ತರಿಸಿ, ಅಂಚಿನಲ್ಲಿ 10 ಇಂಚಿಗೆ ಚಾಕ್‌ನಿಂದ ಎರಡು ಗುರುತು ಹಾಕಿ, ಹೊಲಿದ ಮೇಲೆ ಮತ್ತೆ ಅಳೆದರು. ಹತ್ತೂಕಾಲು ಬಂತು. "ಕಾಲಿಂಚು ನಾನು ಎಳೆದುಬಿಟ್ಟೆ ನೋಡಿ" ಎಂದು ನಕ್ಕರು. ಫೂಟಿನ ಒತ್ತಡ ಸ್ವಲ್ಪ ಸಡಿಲಿಸಿ, ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕಡೆ ಸಮನಾಗಿ, ಎಳೆಯದೆ ಬರೀ ನೆಟ್ಟಗೆ ಹಿಡಿದು ಎರಡನೆಯ ಸಲ ಹೊಲಿದಾಗ ಹತ್ತೇ ಬಂತು. ಹಳೆಯ ಹೊಲಿಗೆಯ ತೂತುಗಳೂ ದೊಡ್ಡವಾಗಿದ್ದವು. ಸೂಜಿ 14 ಅಥವಾ 16 ಇದ್ದಿರಬೇಕು ಅಂದರು. ತಾವು ಹಾಕಿದ್ದು ಹೊಸ 9ನೇ ನಂಬರು. ಮೊಂಡು ಸೂಜಿ ಎಳೆಯನ್ನು ಸರಿಸದೆ ಜಗ್ಗುತ್ತದೆ, ಜಗ್ಗಿದ ಎಳೆ ಬಟ್ಟೆಯಗಲಕ್ಕೂ ಗೆರೆಯಾಗಿ ಕಾಣುತ್ತದೆ.

ಆದರೂ ಆಕೆ ತಕ್ಷಣ ಹೊಲಿಯಲು ಕೂರಲಿಲ್ಲ. ಹಳೆಯ ಅಂಚನ್ನು ಕತ್ತರಿಸಿ ತೆಗೆದು, ಲಂಗವನ್ನು ಸೊಂಟದಿಂದ ಕ್ಲಿಪ್ ಹಾಕಿ ಗೋಡೆಗೆ ತೂಗುಹಾಕಿದರು. "ನಾಳೆ ಬನ್ನಿ." ಕ್ರಾಸ್‌ನಲ್ಲಿರುವ ಭಾಗ ತನ್ನ ಭಾರಕ್ಕೇ ಜಗ್ಗಿ ಇಳಿಯುತ್ತದೆ, ನೇರ ಭಾಗ ಇಳಿಯುವುದಿಲ್ಲ. ಮರುದಿನ ಮಗಳಿಗೆ ತೊಡಿಸಿ, ನೆಲದಿಂದ ಸ್ಕೇಲ್ ನಿಲ್ಲಿಸಿ ಸುತ್ತಲೂ ಗುರುತು ಹಾಕಿದಾಗ ಕ್ರಾಸ್ ಕಡೆ ಮುಕ್ಕಾಲು ಇಂಚು ಹೆಚ್ಚಿಗೆ ಇಳಿದಿತ್ತು. ಇಳಿಯುವ ಮೊದಲೇ ಹೊಲಿದಿದ್ದರೆ ಆ ಜಗ್ಗಾಟವೆಲ್ಲ ಸುರುಳಿಯ ಮೇಲೆಯೇ ಬೀಳುತ್ತಿತ್ತು.

ಸಮ ಮಾಡಿ ಕತ್ತರಿಸಿದ ಮೇಲೆ ಅಂಚಿನ ಎರಡಿಂಚಿಗೆ ಗಟ್ಟಿ ಗಂಜಿ ಸವರಿ, ಚಪ್ಪಟೆಯಾಗಿ ಹರಡಿ ಒಣಗಿಸಿದರು. ಬಟ್ಟೆ ಕಾಗದದಂತಾಯಿತು. ಇದು ಪಾಲಿಯೆಸ್ಟರ್ ಜಾರ್ಜೆಟ್ ಆದ್ದರಿಂದ ನಡೆಯಿತು. ಶುದ್ಧ ರೇಷ್ಮೆಯ ಜಾರ್ಜೆಟ್‌ಗೆ ನೀರು ತಾಗಿದರೆ ಹುರಿ ನೂಲು ಕುಗ್ಗಿ ಅಂಚು ಸುಕ್ಕಾಗುತ್ತದೆ. ಅದಕ್ಕೆ ಗಂಜಿ ಹಾಕಬೇಡಿ, ಅಡಿಯಲ್ಲಿ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬಹುದು.

ಹೊಲಿಗೆ ಮೂರು ಸುತ್ತಿನದು. ಮೊದಲ ಸುತ್ತು, ಕತ್ತರಿಸಿದ ತುದಿಯಿಂದ ಕಾಲಿಂಚು ಒಳಗೆ ಒಂದು ಸಾದಾ ಹೊಲಿಗೆ. ಇದು ಕ್ರಾಸ್ ಭಾಗ ಉದ್ದವಾಗದಂತೆ ಬೇಲಿ ಹಾಕುತ್ತದೆ. ಎರಡನೆಯದು, ಆ ಗೆರೆಯ ಮೇಲೆಯೇ ಮಡಚಿ ಮಡಿಕೆಯ ತುದಿಗೆ ಅಂಟಿದಂತೆ ಇನ್ನೊಂದು ಹೊಲಿಗೆ. ಈಗ ಉಳಿದ ಬಟ್ಟೆಯನ್ನು ಹೊಲಿಗೆಯ ಪಕ್ಕಕ್ಕೇ, ಹೊಲಿಗೆಗೆ ತಾಗದಂತೆ ಕತ್ತರಿಸಬೇಕು. ಕೆಲಸವೆಲ್ಲ ಇಲ್ಲೇ ಇದೆ. ಕತ್ತರಿ ಮೊಂಡಾಗಿದ್ದರೆ ಇಲ್ಲಿ ಹೊಸ ಮೀಸೆ ಹುಟ್ಟುತ್ತದೆ. ಮೂರನೆಯ ಸುತ್ತಿಗೆ ಇನ್ನೊಮ್ಮೆ ಮಡಚಿ, ಎರಡನೆಯ ಹೊಲಿಗೆಯ ಮೇಲೆಯೇ ಹೊಲಿಯಬೇಕು. ಕತ್ತರಿಸಿದ ತುದಿ ಎರಡು ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ಪಕ್ಕದ ಜೋಡಣೆಯ ಹೊಲಿಗೆ ಬರುವ ಕಡೆ ಹಲವು ಪದರ ಸೇರಿ ಗಂಟಾಗುತ್ತದೆ, ಅಲ್ಲಿ ಒಳಗಿನ ಬಟ್ಟೆಯನ್ನು ಮೊದಲೇ ಸವರಿಕೊಳ್ಳಬೇಕು.

ಶ್ರಮದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸೊಂಟ 28 ಇಂಚು, ಉದ್ದ 38 ಇಂಚಿನ ಅಂಬ್ರೆಲಾ ಲಂಗದ ಕೆಳಸುತ್ತು ಸುಮಾರು 267 ಇಂಚು. ಮೂರು ಸುತ್ತು ಅಂದರೆ 20 ಮೀಟರ್ ಮೀರಿದ ಹೊಲಿಗೆ, ಅದೂ ನಿಧಾನವಾಗಿ. ಸೀರೆಯ ಪೀಕೋಗೆ ಕೊಡುವ ದುಡ್ಡಿನಲ್ಲಿ ಇದನ್ನು ಕೇಳುವುದು ನ್ಯಾಯವಲ್ಲ. ಹೊಸ ಲಂಗ ಹೊಲಿಸುವಾಗ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕೊಡಿ, ಕೊಡುವಾಗಲೇ "ಒಂದು ದಿನ ತೂಗುಹಾಕಿ ಆಮೇಲೆ ಅಂಚು ಹೊಲೀರಿ" ಎಂದು ಹೇಳಿ.