ಕೊಳವೆಯ ನಡುವೆ ಒಂದು ಸೈಕಲ್ ಕಡ್ಡಿ

ಒಳವ್ಯಾಸ 20 ಮಿಲಿಮೀಟರ್, ಉದ್ದ 1 ಮೀಟರ್ ಇರುವ ಒಂದು ಗಾಜಿನ ಕೊಳವೆಯನ್ನು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿದ್ದೇವೆ ಎಂದುಕೊಳ್ಳಿ. ಅದರೊಳಗೆ ಇಂಜಿನ್ ಆಯಿಲ್ ಹರಿಯುತ್ತಿದೆ. ಕೊಳವೆಯ ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ 1000 ಪಾಸ್ಕಲ್, ಅಂದರೆ ಸುಮಾರು 10 ಸೆಂಟಿಮೀಟರ್ ಎತ್ತರದ ನೀರು ಕೊಡುವಷ್ಟು. ಎಣ್ಣೆಯ ಸ್ನಿಗ್ಧತೆ 0.1 ಪಾಸ್ಕಲ್-ಸೆಕೆಂಡ್, ಎಂದರೆ ನೀರಿಗಿಂತ ಸುಮಾರು ನೂರು ಪಟ್ಟು. ಆಗ ಸೆಕೆಂಡಿಗೆ 39 ಮಿಲಿಲೀಟರ್ ಎಣ್ಣೆ ಹೊರಬರುತ್ತದೆ.

ಈಗ ಕೊಳವೆಯ ನಟ್ಟನಡುವೆ 2 ಮಿಲಿಮೀಟರ್ ದಪ್ಪದ ಒಂದು ಸರಳನ್ನು, ಅಂದರೆ ಹೆಚ್ಚುಕಡಿಮೆ ಸೈಕಲ್ ಚಕ್ರದ ಕಡ್ಡಿಯಷ್ಟು ದಪ್ಪದ್ದನ್ನು, ಅಲುಗಾಡದಂತೆ ಕೂರಿಸೋಣ. ಅದು ಮುಚ್ಚಿದ ಜಾಗ ನೂರರಲ್ಲಿ ಒಂದು ಪಾಲು ಮಾತ್ರ. ಹರಿವು ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದರೆ ಶೇಕಡಾ ಒಂದು, ಹೆಚ್ಚೆಂದರೆ ಎರಡು ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ನಿಜವಾಗಿ ಕಡಿಮೆಯಾಗುವುದು ಶೇಕಡಾ 43. ಸೆಕೆಂಡಿಗೆ 39 ಮಿಲಿಲೀಟರ್ ಇದ್ದದ್ದು 22.5ಕ್ಕೆ ಇಳಿಯುತ್ತದೆ.

ಹೀಗಾಗಲು ಕಾರಣ ಜಾಗವಲ್ಲ, ಸರಳು ಕೂತಿರುವ ಸ್ಥಳ.

ಖಾಲಿ ಕೊಳವೆಯಲ್ಲಿ ಎಣ್ಣೆ ಪದರ ಪದರವಾಗಿ ಸಾಗುತ್ತದೆ. ಒಂದರೊಳಗೊಂದು ಸೇರಿಸಿದ ತೆಳು ಬಳೆಗಳು ಒಂದನ್ನೊಂದು ಸವರಿಕೊಂಡು ಮುಂದೆ ಜಾರುತ್ತಿರುವಂತೆ. ಗೋಡೆಗೆ ಅಂಟಿದ ಪದರ ನಿಂತೇ ಇರುತ್ತದೆ. ಅದರ ಒಳಗಿನದು ನಿಧಾನ, ಅದಕ್ಕೂ ಒಳಗಿನದು ಇನ್ನಷ್ಟು ಚುರುಕು. ನಟ್ಟನಡುವೆ ವೇಗ ಅತಿ ಹೆಚ್ಚು. ನಮ್ಮ ಕೊಳವೆಯಲ್ಲಿ ಅದು ಸೆಕೆಂಡಿಗೆ 25 ಸೆಂಟಿಮೀಟರ್. ಸರಳನ್ನು ನಾವು ತಂದಿಟ್ಟದ್ದು ಸರಿಯಾಗಿ ಆ ಜಾಗದಲ್ಲೇ. ಸರಳಿನ ಮೈಗೂ ಎಣ್ಣೆ ಅಂಟಿಕೊಳ್ಳುತ್ತದೆ, ಅಲ್ಲಿಯೂ ವೇಗ ಸೊನ್ನೆ. ಅತಿ ವೇಗದ ಪದರವಿದ್ದಲ್ಲಿ ಈಗ ನಿಂತ ಪದರ ಬಂದು ಕೂತಿದೆ. ಅದು ತನ್ನ ಸುತ್ತಲಿನ ಪದರವನ್ನು ಹಿಂದಕ್ಕೆ ಎಳೆಯುತ್ತದೆ, ಆ ಪದರ ತನ್ನ ಪಕ್ಕದ್ದನ್ನು ಎಳೆಯುತ್ತದೆ, ಹೀಗೆ ಎಳೆತ ಹೊರಗಿನ ತನಕ ಹಬ್ಬುತ್ತದೆ.

ಈ ಎಳೆತದ ಲೆಕ್ಕ ಹಾಕುವುದು ಕಷ್ಟವಲ್ಲ. ಸಂದಿನಲ್ಲಿರುವ ಎಣ್ಣೆಯ ಒಂದು ತೆಳು ಬಳೆಯನ್ನು ಮನಸ್ಸಿನಲ್ಲೇ ಬೇರ್ಪಡಿಸಿ. ಹಿಂದಿನಿಂದ ಒತ್ತಡ ಅದನ್ನು ನೂಕುತ್ತದೆ, ಒಳಮೈ ಮತ್ತು ಹೊರಮೈಗಳಲ್ಲಿ ಪಕ್ಕದ ಪದರಗಳು ಅದನ್ನು ಉಜ್ಜುತ್ತವೆ. ಬಳೆ ಒಂದೇ ವೇಗದಲ್ಲಿ ಸಾಗುತ್ತಿರುವುದರಿಂದ ನೂಕುವಿಕೆಯೂ ಉಜ್ಜುವಿಕೆಯೂ ಸರಿಸಮ. ಹೊರಗೋಡೆಯ ಮೇಲೂ ಸರಳಿನ ಮೇಲೂ ವೇಗ ಸೊನ್ನೆ ಎಂಬ ಎರಡು ಷರತ್ತುಗಳನ್ನು ಇದಕ್ಕೆ ಸೇರಿಸಿದರೆ ಉತ್ತರ ಸಿಗುತ್ತದೆ. ಹೊರತ್ರಿಜ್ಯ R2, ಒಳತ್ರಿಜ್ಯ R1, ಪ್ರತಿ ಮೀಟರಿಗೆ ಇಳಿಯುವ ಒತ್ತಡ G, ಸ್ನಿಗ್ಧತೆ μ ಎಂದರೆ, ನಡುವಿನಿಂದ r ದೂರದಲ್ಲಿ ವೇಗ u ಮತ್ತು ಒಟ್ಟು ಹರಿವು Q ಹೀಗಿರುತ್ತವೆ:

```
u = (G/4μ) [ R2² − r² − (R2² − R1²) ln(R2/r) / ln(R2/R1) ]

Q = (πG/8μ) [ R2⁴ − R1⁴ − (R2² − R1²)² / ln(R2/R1) ]
```

ಎರಡನೆಯ ಸೂತ್ರದ ಕೊನೆಯ ತುಂಡನ್ನೂ R1⁴ ಅನ್ನೂ ತೆಗೆದುಹಾಕಿದರೆ ಖಾಲಿ ಕೊಳವೆಯ ಹಳೆಯ ಸೂತ್ರ ಉಳಿಯುತ್ತದೆ. ರಕ್ತ ನಾಳಗಳಲ್ಲಿ ಹೇಗೆ ಹರಿಯುತ್ತದೆಂದು ತಿಳಿಯಲು ಕೂದಲಿನಂಥ ಗಾಜಿನ ಕೊಳವೆಗಳಲ್ಲಿ ಪ್ರಯೋಗ ಮಾಡಿದ ಫ್ರೆಂಚ್ ವೈದ್ಯ ಪ್ವಾಸೇಯ್ ಅದನ್ನು 1840ರ ದಶಕದಲ್ಲಿ ಪ್ರಕಟಿಸಿದರು. ನಮ್ಮ ಸರಳಿನ ಕಾಟವೆಲ್ಲ ಇರುವುದು ಆ ಕೊನೆಯ ತುಂಡಿನಲ್ಲಿ, ಅದರ ಕೆಳಗೆ ಕೂತ ಲಾಗರಿದಮ್‌ನಲ್ಲಿ. ಲಾಗರಿದಮ್ ಬಹಳ ನಿಧಾನವಾಗಿ ಬದಲಾಗುವ ಸಂಖ್ಯೆ. ಆದ್ದರಿಂದ ಸರಳನ್ನು ಎಷ್ಟು ಸಣ್ಣದು ಮಾಡಿದರೂ ಅದರ ಪ್ರಭಾವ ಸುಲಭಕ್ಕೆ ಕರಗುವುದಿಲ್ಲ. 0.2 ಮಿಲಿಮೀಟರ್ ದಪ್ಪದ ತಂತಿಯನ್ನು ನಡುವೆ ಬಿಗಿದರೆ ಅದು ಮುಚ್ಚುವ ಜಾಗ ಹತ್ತು ಸಾವಿರದಲ್ಲಿ ಒಂದು ಪಾಲು. ಆದರೂ ಹರಿವಿನಲ್ಲಿ ಶೇಕಡಾ 22 ಹೋಗುತ್ತದೆ.

ಸೈಕಲ್ ಕಡ್ಡಿಗೇ ಮರಳಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಸಂದಿನಲ್ಲಿ ವೇಗ ಎಲ್ಲಿ ಅತಿ ಹೆಚ್ಚು? ಸರಳಿನ ಮೈ ಕೇಂದ್ರದಿಂದ 1 ಮಿಲಿಮೀಟರ್ ದೂರದಲ್ಲಿದೆ, ಗೋಡೆ 10 ಮಿಲಿಮೀಟರ್ ದೂರದಲ್ಲಿದೆ. ಎರಡರ ಮಧ್ಯ 5.5. ಆದರೆ ವೇಗದ ಶಿಖರ ಅಲ್ಲಿಲ್ಲ. ಅದು 4.64 ಮಿಲಿಮೀಟರಿನಲ್ಲಿ, ಸರಳಿನ ಕಡೆಗೆ ಸರಿದುಕೊಂಡಿದೆ. ಅಲ್ಲಿಯ ವೇಗ ಸೆಕೆಂಡಿಗೆ 11.4 ಸೆಂಟಿಮೀಟರ್, ಮೊದಲಿದ್ದುದರ ಅರ್ಧಕ್ಕೂ ಕಡಿಮೆ. ಶಿಖರ ಒಳಕ್ಕೆ ಸರಿಯುವುದು ಸರಳಿನ ಸುತ್ತಳತೆ ಚಿಕ್ಕದಾದ್ದರಿಂದ. ಅದಕ್ಕಿರುವ ಮೈ ಸ್ವಲ್ಪವೇ, ಹಾಗಾಗಿ ಎಣ್ಣೆಯನ್ನು ತಡೆಯಲು ಆ ಸ್ವಲ್ಪ ಮೈಯ ಮೇಲೆ ಉಜ್ಜಾಟ ಜೋರಾಗಬೇಕು, ವೇಗ ಅಲ್ಲಿಂದ ಕಡಿದಾಗಿ ಏರಬೇಕು. ಚದರ ಮೀಟರಿಗೆ ಲೆಕ್ಕ ಹಾಕಿದರೆ ಗೋಡೆಯ ಮೇಲಿನ ಉಜ್ಜಾಟ 3.9 ನ್ಯೂಟನ್, ಸರಳಿನ ಮೇಲಿನದು 10.2. ಸುತ್ತಳತೆಯಲ್ಲಿ ಗೋಡೆಯ ಹತ್ತನೇ ಒಂದು ಪಾಲಷ್ಟೇ ಇರುವ ಸರಳು ಒಟ್ಟು ತಡೆಯ ಐದನೇ ಒಂದು ಪಾಲನ್ನು ತಾನೇ ಹೊರುತ್ತದೆ.

ಇದು ಪ್ರಯೋಗಶಾಲೆಯ ಮೇಜಿಗಷ್ಟೇ ಸೀಮಿತವಾದ ವಿಷಯವಲ್ಲ. ಹೃದಯದ ರಕ್ತನಾಳ ಕಿರಿದಾಗಿರುವ ಕಡೆ ಒತ್ತಡ ಎಷ್ಟು ಇಳಿದಿದೆ ಎಂದು ನೋಡಲು ವೈದ್ಯರು ಅದರೊಳಗೆ ಒಂದು ತಂತಿಯನ್ನು ಹಾಯಿಸುತ್ತಾರೆ. ಅದರ ದಪ್ಪ 0.36 ಮಿಲಿಮೀಟರ್. 3 ಮಿಲಿಮೀಟರಿನ ನಾಳದಲ್ಲಿ ಅದು ಮುಚ್ಚುವ ಜಾಗ ಶೇಕಡಾ ಒಂದೂವರೆಗಿಂತ ಕಡಿಮೆ. ಆದರೆ ತಂತಿ ನಟ್ಟನಡುವೆ ಇದ್ದರೆ, ಅಷ್ಟೇ ಒತ್ತಡಕ್ಕೆ ನಾಳದ ಆ ತುಂಡಿನಲ್ಲಿ ಹರಿಯುವ ರಕ್ತ ಶೇಕಡಾ 54ಕ್ಕೆ ಇಳಿಯುತ್ತದೆ ಎನ್ನುತ್ತದೆ ಸೂತ್ರ. ಕಿರಿದಾಗಿ 1 ಮಿಲಿಮೀಟರ್ ಉಳಿದ ಜಾಗದಲ್ಲಿ ನಾಲ್ಕನೇ ಒಂದು ಪಾಲಿಗೆ. ಓದುಗರು ಗಾಬರಿಯಾಗಬೇಕಿಲ್ಲ. ಹೃದಯಕ್ಕೆ ಹೋಗುವ ರಕ್ತವನ್ನು ಮುಖ್ಯವಾಗಿ ಹಿಡಿದಿಡುವುದು ಮುಂದಿರುವ ಸಣ್ಣ ಸಣ್ಣ ನಾಳಗಳು, ಹಾಗಾಗಿ ಒಟ್ಟು ಹರಿವು ಅಷ್ಟೊಂದು ಬೀಳುವುದಿಲ್ಲ. ರಕ್ತ ಮಿಡಿಯುತ್ತಾ ಹರಿಯುತ್ತದೆ, ಕಿರಿದಾದ ಭಾಗವೂ ಗಿಡ್ಡ. ನಮ್ಮ ಸೂತ್ರ ಬೇಡುವುದು ಏಕಪ್ರಕಾರದ ಹರಿವು ಮತ್ತು ಉದ್ದದ ಕೊಳವೆ. ಆದರೂ ದಿಕ್ಕು ಸ್ಪಷ್ಟ: ತುಂಬ ಕಿರಿದಾದ ನಾಳದಲ್ಲಿ ಅಳೆಯುವ ತಂತಿಯೇ ಅಡಚಣೆಯನ್ನು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ ತೋರಿಸಬಲ್ಲದು.

ಇನ್ನೊಂದು ಮುಖ್ಯ ವಿಷಯ: ನಾಳದೊಳಗಿನ ತಂತಿ ನಡುವೆ ನಿಲ್ಲುವುದಿಲ್ಲ, ಗೋಡೆಗೆ ಒರಗುತ್ತದೆ. ಅದು ಒಳ್ಳೆಯದೇ. ಗೋಡೆಯ ಬಳಿ ಹೇಗೂ ಹರಿವು ನಿಧಾನ, ಅಲ್ಲಿ ತಂತಿ ಇದ್ದರೆ ನಷ್ಟ ಕಡಿಮೆ. ಒಳಸರಳು ದಪ್ಪವಾಗಿ ಸಂದು ತೆಳುವಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ತೆಳು ಸಂದಿನಲ್ಲಿ ಹರಿವು ಸಂದಿನ ಅಗಲದ ಘನದಂತೆ ಏರುತ್ತದೆ, ಅಗಲ ಇಮ್ಮಡಿಯಾದರೆ ಹರಿವು ಎಂಟು ಪಟ್ಟು. ಒಳಸರಳು ಒಂದು ಬದಿಗೆ ವಾಲಿದರೆ ಆ ಕಡೆ ಕಳೆದುಕೊಂಡದ್ದಕ್ಕಿಂತ ಬಹಳ ಹೆಚ್ಚನ್ನು ಎದುರು ಕಡೆ ಗಳಿಸುತ್ತದೆ. ಗೋಡೆಯನ್ನು ಪೂರ್ತಿ ಮುಟ್ಟಿದರೆ ಹರಿವು ನಟ್ಟನಡುವೆ ಇದ್ದಾಗಿನ ಎರಡೂವರೆ ಪಟ್ಟು.

ಹಾಗಾಗಿ ಇಂಥ ಪ್ರಯೋಗ ಮಾಡುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅಳೆದ ಹರಿವು ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಬಂದರೆ ಮೊದಲು ಎಣ್ಣೆಯ ಉಷ್ಣತೆ ನೋಡಿ, ಬಿಸಿಯಾದ ಎಣ್ಣೆ ತೆಳುವಾಗುತ್ತದೆ. ಅದು ಸರಿಯಿದ್ದರೆ ಸೂತ್ರವನ್ನು ತಿದ್ದಲು ಹೋಗಬೇಡಿ. ಸರಳಿನ ಎರಡೂ ತುದಿಗಳ ಆಧಾರ ನೋಡಿ, ಅದು ನಿಜವಾಗಿ ನಡುವೆ ಇದೆಯೇ, ಮಧ್ಯದಲ್ಲಿ ಜೋತುಬಿದ್ದಿದೆಯೇ ಎಂದು ಪರೀಕ್ಷಿಸಿ.