ಒಂದೆಲಗದ ಕ್ರೀಮು, ಬಸವನಹುಳದ ಲೋಳೆ

ಬೇಸಿಗೆ ರಜೆಗೆ ಸಾಗರಕ್ಕೆ ಬಂದ ಅಕ್ಕನ ಮಗಳು ತನ್ನ ಚೀಲದಿಂದ ಎರಡು ಬಾಟಲಿ ತೆಗೆದು ಕಿಟಕಿಯ ಮೇಲಿಟ್ಟಳು. ಎರಡೂ ಕೊರಿಯಾದವು. ಒಂದರ ಮೇಲೆ ಮೂತ್ರಪಿಂಡದ ಆಕಾರದ ಹಸಿರೆಲೆಯ ಚಿತ್ರವಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿ, "ಇದು ನಮ್ಮ ಒಂದೆಲಗ ಅಲ್ದನೇ?" ಎಂದರು. ಹೌದು, ಅದೇ. ತೋಟದ ಕಾಲುವೆಯ ಬದಿಯಲ್ಲಿ ಹರಡಿಕೊಂಡು, ವಾರಕ್ಕೊಮ್ಮೆ ತಂಬುಳಿಯಾಗುವ ಗಿಡ. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನೇ ಬ್ರಾಹ್ಮಿ ಎಂದೂ ಕರೆಯುತ್ತಾರೆ. ಆದರೆ ನೀರುಬ್ರಾಹ್ಮಿ ಬೇರೆಯೇ ಗಿಡ. ಇನ್ನೊಂದು ಬಾಟಲಿಯಲ್ಲಿದ್ದದ್ದು ಬಸವನಹುಳದ ಲೋಳೆ. ಅದರ ಸಂಗತಿ ಕೇಳಿ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

ಮೊಡವೆ ಒಣಗಿ ಉಳಿದ ಕಪ್ಪು ಕಲೆಗಳಿಗೆಂದು ಹುಡುಗಿ ಇವೆರಡನ್ನೂ ತರಿಸಿಕೊಂಡಿದ್ದಳು. "ಚಿಕ್ಕಮ್ಮ, ಇವು ನಿಜಕ್ಕೂ ಕೆಲಸ ಮಾಡ್ತಾವಾ?" ಎಂಬುದು ಅವಳ ಪ್ರಶ್ನೆ. ಇದಕ್ಕೆ ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ. ಎರಡರ ಹಿಂದೆಯೂ ಗಂಭೀರವಾದ ಅಧ್ಯಯನಗಳಿವೆ. ಆದರೆ ಅಧ್ಯಯನದಲ್ಲಿ ಹಚ್ಚಿದ್ದು ಏನು, ಯಾವ ಚರ್ಮಕ್ಕೆ ಹಚ್ಚಿದ್ದು ಎಂದು ಕೇಳುತ್ತ ಹೋದಾಗ ಅಂಗಡಿಯ ಬಾಟಲಿಗೂ ಆ ಪುರಾವೆಗೂ ನಡುವಿನ ದೂರ ಕಾಣತೊಡಗುತ್ತದೆ.

ಮೊದಲು ಒಂದೆಲಗ. ಆಯುರ್ವೇದಕ್ಕೆ ಇದು ಹಳೆಯ ಪರಿಚಯ. ಆಧುನಿಕ ಔಷಧಶಾಸ್ತ್ರ ಇದನ್ನು ಹಿಡಿದದ್ದು ಮುಖ್ಯವಾಗಿ ಮಡಗಾಸ್ಕರ್‌ನಲ್ಲಿ, 1940ರ ದಶಕದಲ್ಲಿ. ಫ್ರೆಂಚ್ ಸಂಶೋಧಕರು ಅಲ್ಲಿ ಈ ಎಲೆಯಿಂದ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಬೇರ್ಪಡಿಸಿ ಕುಷ್ಠರೋಗದ ಹುಣ್ಣುಗಳ ಮೇಲೆ ಪ್ರಯೋಗಿಸಿದರು. ಮುಂದೆ ಇದರ ಸಾರದಿಂದ ಗಾಯದ ಮುಲಾಮು ತಯಾರಾಯಿತು. ಕೊರಿಯಾದಲ್ಲಿ 'ಮಡೆಕಾಸಾಲ್' ಎಂಬ ಹೆಸರಿನ ಅಂಥ ಮುಲಾಮು ದಶಕಗಳಿಂದ ಮನೆಮನೆಯ ಔಷಧಪೆಟ್ಟಿಗೆಯಲ್ಲಿದೆ. ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೆ ಅಲ್ಲಿನ ತಾಯಂದಿರು ಹುಡುಕುವುದು ಅದನ್ನೇ. ಈಗ ಸೌಂದರ್ಯ ಪ್ರಸಾಧನಗಳ ಮೇಲೆ ಕಾಣುವ 'ಸಿಕಾ' ಎಂಬ ಹೆಸರಿಗೂ ಗಾಯ ಕೂಡಿಕೊಂಡ ಗುರುತು ಎಂಬರ್ಥದ ಲ್ಯಾಟಿನ್ ಪದವೇ ಮೂಲ. ಅಂದರೆ ಈ ಕ್ರೀಮುಗಳ ಕೀರ್ತಿಯೆಲ್ಲ ಗಾಯದಿಂದ ಬಂದದ್ದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಎಲೆಯಲ್ಲಿ ಕೆಲಸಕ್ಕೆ ಬರುವ ಅಂಶಗಳು ಮುಖ್ಯವಾಗಿ ನಾಲ್ಕು: ಏಷಿಯಾಟಿಕೋಸೈಡ್, ಮೆಡೆಕಾಸೋಸೈಡ್, ಮತ್ತು ಇವುಗಳಿಂದ ಸಕ್ಕರೆಯ ಭಾಗ ಕಳಚಿದಾಗ ಉಳಿಯುವ ಎರಡು ಆಮ್ಲಗಳು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಚರ್ಮಕೋಶಗಳ ಮೇಲೆ ಇವನ್ನು ಹಾಕಿದರೆ ಕೋಶಗಳು ಹೆಚ್ಚು ಕೊಲಾಜೆನ್ ತಯಾರಿಸುತ್ತವೆ, ಉರಿಯೂತದ ಸಂಕೇತಗಳು ತಗ್ಗುತ್ತವೆ. ಕೊಲಾಜೆನ್ ಎಂದರೆ ಚರ್ಮಕ್ಕೆ ಬಿಗಿ ಕೊಡುವ ನಾರು. ತಟ್ಟೆಯಲ್ಲಿ ಕಂಡದ್ದು ಮನುಷ್ಯರ ಮುಖದ ಮೇಲೂ ನಡೆಯುತ್ತದೆಯೇ?

ಥಾಯ್ಲೆಂಡಿನ ಒಂದು ಅಧ್ಯಯನ ಇದಕ್ಕೆ ಚೆನ್ನಾಗಿ ಉತ್ತರಿಸುತ್ತದೆ. ಮೊಡವೆಯ ಗುಳಿಗಳಿಗೆ ಲೇಸರ್ ಮಾಡಿಸಿಕೊಂಡ ಸುಮಾರು 30 ಜನರನ್ನು ತೆಗೆದುಕೊಂಡರು. ಲೇಸರ್ ಆದಮೇಲೆ ಮುಖ ಕೆಂಪಾಗಿ ಹಸಿಗಾಯದಂತಿರುತ್ತದೆ. ಮುಖದ ಒಂದು ಬದಿಗೆ ಒಂದೆಲಗದ ಸಾರವಿದ್ದ ಜೆಲ್, ಇನ್ನೊಂದು ಬದಿಗೆ ಸಾರವಿಲ್ಲದ ಅದೇ ಜೆಲ್ ಹಚ್ಚಿದರು. ಸಾರವಿದ್ದ ಬದಿಯಲ್ಲಿ ಕೆಂಪು ಬೇಗ ಇಳಿಯಿತು, ಗಾಯವೂ ಚೆನ್ನಾಗಿ ಮಾಗಿತು. ಒಬ್ಬರದೇ ಮುಖದ ಎರಡು ಬದಿಗಳನ್ನು ಹೋಲಿಸಿದ್ದರಿಂದ ವಯಸ್ಸು, ಆಹಾರ, ನಿದ್ದೆ ಯಾವುದರ ನೆಪವೂ ಉಳಿಯುವುದಿಲ್ಲ. ಆ ಜೆಲ್‌ನಲ್ಲಿದ್ದ ಸಾರದ ಪ್ರಮಾಣ ಶೇ. 0.05 ಮಾತ್ರ. ಆದರೆ ಅದು ಶುದ್ಧೀಕರಿಸಿ ಅಳತೆ ಮಾಡಿದ ಸಾರ. ಅದರ ಶೇ. 80ಕ್ಕಿಂತ ಹೆಚ್ಚು ಭಾಗ ಆ ಮುಖ್ಯ ಅಂಶಗಳೇ.

ಈಗ ಅಂಗಡಿಯಲ್ಲಿ ಸಿಗುವ ಬಾಟಲಿಗಳನ್ನು ನೋಡಿ. 'ಶೇ. 77 ಸೆಂಟೆಲ್ಲಾ ಸಾರ', 'ಶೇ. 100 ಸೆಂಟೆಲ್ಲಾ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಶೇ. 0.05 ಕೆಲಸ ಮಾಡಿದರೆ ಶೇ. 77 ಇನ್ನೆಷ್ಟು ಮಾಡಬಹುದು ಎಂದು ಅನ್ನಿಸುವುದು ಸಹಜ. ಆದರೆ ಇಲ್ಲಿ ಸಾರ ಎಂದರೆ ಬಹುಮಟ್ಟಿಗೆ ಎಲೆ ನೆನೆಸಿ ಸೋಸಿದ ನೀರು. ಒಂದು ಹಿಡಿ ಎಲೆಗೆ ಒಂದು ಲೋಟ ನೀರು ಹಾಕಿದರೂ ಅದು ಸಾರ, ಒಂದು ಕೊಡ ಹಾಕಿದರೂ ಸಾರವೇ. ಎಲೆಯೊಳಗಿನ ಅಂಶಗಳ ಪ್ರಮಾಣವೂ ನೆಲ, ಋತು, ತಳಿಗೆ ತಕ್ಕಂತೆ ಕೆಲವು ಪಟ್ಟು ಏರಿಳಿಯುತ್ತದೆ. ಆದ್ದರಿಂದ ಶೇಕಡಾ ಎಷ್ಟು ಎಂಬುದಕ್ಕಿಂತ, ಘಟಕಗಳ ಪಟ್ಟಿಯಲ್ಲಿ ಮೆಡೆಕಾಸೋಸೈಡ್ ಅಥವಾ ಏಷಿಯಾಟಿಕೋಸೈಡ್ ಎಂಬ ಹೆಸರೇ ಬಿಡಿಯಾಗಿ ಇದೆಯೇ, ಅದರ ಪ್ರಮಾಣ ಹೇಳಿದ್ದಾರೆಯೇ ಎಂದು ನೋಡುವುದು ಹೆಚ್ಚು ಉಪಯೋಗ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಆರೋಗ್ಯವಾಗಿರುವ ಚರ್ಮದ ಹೊರಪದರ ಹೆಂಚಿನ ಮಾಡಿನಂತೆ ಬಿಗಿಯಾಗಿರುತ್ತದೆ. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಅದನ್ನು ದಾಟಿ ಒಳಗೆ ಹೋಗುವುದು ಕಷ್ಟ ಎಂಬುದು ಚರ್ಮಶಾಸ್ತ್ರದ ಒಂದು ಸ್ಥೂಲ ನಿಯಮ. ಏಷಿಯಾಟಿಕೋಸೈಡ್ ಅಣುವಿನ ಭಾರ ಸುಮಾರು 960. ಲೇಸರ್ ಆದ ಮುಖದಲ್ಲಿ, ತರಚಿದ ಮೊಣಕಾಲಿನಲ್ಲಿ ಆ ಮಾಡು ಒಡೆದಿರುತ್ತದೆ, ಔಷಧ ಒಳಗಿಳಿಯುತ್ತದೆ. ಒಡೆಯದ ಕೆನ್ನೆಯ ಮೇಲೆ ಹಾಗಲ್ಲ. ಪುರಾವೆ ಗಾಯದ ಚರ್ಮದಲ್ಲಿ ಗಟ್ಟಿಯಾಗಿಯೂ ಆರೋಗ್ಯವಂತ ಚರ್ಮದಲ್ಲಿ ತೆಳ್ಳಗೂ ಇರುವುದಕ್ಕೆ ಇದೊಂದು ಕಾರಣವೆಂದು ನನ್ನ ಎಣಿಕೆ. ಗಾಯವಿಲ್ಲದ, ಬಿಸಿಲಿಗೆ ಬಾಡಿದ ಚರ್ಮದ ಮೇಲೆ 2008ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದಿದೆ. 20 ಮಹಿಳೆಯರು ಆರು ತಿಂಗಳು ಕ್ರೀಮು ಹಚ್ಚಿದರು. ಸುಕ್ಕು ಮತ್ತು ಬಿಗಿಯಲ್ಲಿ ಸುಧಾರಣೆ ಕಂಡಿತು. ಆದರೆ ಆ ಕ್ರೀಮಿನಲ್ಲಿ ಶೇ. 0.1 ಮೆಡೆಕಾಸೋಸೈಡ್ ಜೊತೆಗೆ ಶೇ. 5 ವಿಟಮಿನ್ ಸಿ ಕೂಡ ಇತ್ತು. ವಿಟಮಿನ್ ಸಿ ತಾನಾಗಿಯೇ ಇದೇ ಕೆಲಸ ಮಾಡಬಲ್ಲದು, ಹಾಗಾಗಿ ಫಲದಲ್ಲಿ ಒಂದೆಲಗದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಬಸವನಹುಳದ ಕಥೆ ಬೇರೆ ಕಡೆಯಿಂದ ಶುರುವಾಗಿ ಇಲ್ಲಿಗೇ ಬಂದು ಸೇರುತ್ತದೆ. ಸ್ಪೇನಿನ ಕ್ಯಾನ್ಸರ್ ವೈದ್ಯ ರಫಾಯೆಲ್ ಅಬಾದ್ ಇಗ್ಲೇಸಿಯಸ್ 1960ರ ದಶಕದಲ್ಲಿ ಬಸವನಹುಳಗಳನ್ನು ವಿಕಿರಣಕ್ಕೆ ಒಡ್ಡಿ, ಆಗ ಅವು ಸ್ರವಿಸುವ ಲೋಳೆಯನ್ನು ಗಮನಿಸಿದರು. ಅದರಿಂದಲೇ ಮುಂದೆ ಸ್ಪೇನಿನ ಕ್ರೀಮುಗಳು ಬಂದವು. 1990ರ ದಶಕದಲ್ಲಿ ಚಿಲಿ ದೇಶದಲ್ಲೂ ಇಂಥ ಕ್ರೀಮು ತಯಾರಾಯಿತು. ಅಡುಗೆಗೆಂದು ಸಾಕಿದ ಹುಳಗಳನ್ನು ಹಿಡಿಯುವವರ ಕೈ ನಯವಾಗಿರುವುದನ್ನು ಕಂಡದ್ದೇ ಅದಕ್ಕೆ ಪ್ರೇರಣೆ ಎಂದು ಅಲ್ಲಿ ಹೇಳುತ್ತಾರೆ. ಕೊರಿಯಾ ಬಂದದ್ದು ಆಮೇಲೆ. ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದ್ದು ಮಾತ್ರ ಕೊರಿಯಾವೇ.

ಗ್ರೀಸ್‌ನಲ್ಲಿ 2009ರಲ್ಲಿ ಮುಖ ಸುಟ್ಟವರಿಗೆ ಈ ಲೋಳೆಯ ಕ್ರೀಮು ಹಚ್ಚಿದಾಗ ಹೋಲಿಕೆಯ ಮುಲಾಮಿಗಿಂತ ಕೆಲವು ದಿನ ಬೇಗ ಹೊಸ ಚರ್ಮ ಬಂತು. ಇಲ್ಲೂ ಒಡೆದ ಚರ್ಮವೇ. ಒಡೆಯದ ಚರ್ಮದ ಮೇಲಿನ ಪ್ರಸಿದ್ಧ ಅಧ್ಯಯನ 2013ರಲ್ಲಿ ಅಮೆರಿಕದಿಂದ ಬಂತು. 25 ಜನ ಹಲವು ವಾರ ಮುಖದ ಒಂದು ಬದಿಗೆ ಲೋಳೆಯಿದ್ದ ಕ್ರೀಮು ಮತ್ತು ಸೀರಂ, ಇನ್ನೊಂದು ಬದಿಗೆ ಲೋಳೆಯಿಲ್ಲದ್ದನ್ನು ಹಚ್ಚಿದರು. ಕಣ್ಣಿನ ಸುತ್ತಲಿನ ಸುಕ್ಕು ಲೋಳೆಯ ಬದಿಯಲ್ಲಿ ಕಡಿಮೆಯಾಯಿತು ಎಂದು ಅಳತೆ ಹೇಳಿತು. ಹಚ್ಚಿಕೊಂಡವರನ್ನೇ ಚರ್ಮದ ಗುಣಮಟ್ಟದ ಬಗ್ಗೆ ಕೇಳಿದಾಗ ಎರಡು ಬದಿಗಳ ನಡುವೆ ಹೇಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅಲ್ಲಿ ಬಳಸಿದ ಲೋಳೆಯೂ ಒಂದು ನಿರ್ದಿಷ್ಟ ವಿಧಾನದಲ್ಲಿ, ಒಂದೇ ಜಾತಿಯ ಹುಳದಿಂದ ಪಡೆದದ್ದು. ಬೇರೆ ಕಂಪನಿಯ, ಬೇರೆ ಹುಳದ ಲೋಳೆಗೆ ಆ ಫಲಿತಾಂಶವನ್ನು ಹಾಗೇ ಅಂಟಿಸಲಾಗದು.

ಹುಡುಗಿಯ ಬಾಟಲಿಯನ್ನೇ ಬಿಡಿಸಿ ನೋಡಿದೆವು. ಪಟ್ಟಿಯ ಮೊದಲ ಹೆಸರು ಸ್ನೇಲ್ ಸೀಕ್ರಿಷನ್ ಫಿಲ್ಟ್ರೇಟ್, ಅಂದರೆ ಸೋಸಿದ ಲೋಳೆ. ಪ್ರಮಾಣ ಶೇ. 96 ಎಂದು ಬರೆದಿತ್ತು. ಹಸಿ ಲೋಳೆಯಲ್ಲೇ ಶೇ. 90ಕ್ಕಿಂತ ಹೆಚ್ಚು ನೀರಿರುತ್ತದೆ. ಮಿಕ್ಕಿದ್ದರಲ್ಲಿ ಮುಖ್ಯವಾದದ್ದು ಮ್ಯೂಸಿನ್, ಅದು ಲಕ್ಷಗಟ್ಟಲೆ ಡಾಲ್ಟನ್ ಭಾರದ ಬೃಹತ್ ಅಣು. ಚರ್ಮದ ಒಳಗೆ ಹೋಗುವ ಮಾತೇ ಇಲ್ಲ. ಮೇಲೆ ತೆಳುವಾಗಿ ಹರಡಿ, ನೀರನ್ನು ಹಿಡಿದಿಟ್ಟುಕೊಂಡು, ಮುಖವನ್ನು ಮೃದುವಾಗಿಸುತ್ತದೆ. ಪಟ್ಟಿಯಲ್ಲಿ ಮುಂದೆ ಬೀಟೈನ್, ಬ್ಯೂಟಲೀನ್ ಗ್ಲೈಕಾಲ್, ಸೋಡಿಯಂ ಹೈಯಲುರೋನೇಟ್, ಪ್ಯಾಂಥೆನಾಲ್ ಇದ್ದವು. ಇವೂ ತೇವ ಹಿಡಿಯುವವೇ, ಅಗ್ಗದವು ಮತ್ತು ಪರೀಕ್ಷೆಯಲ್ಲಿ ನಿಂತವು. ಹಚ್ಚಿದ ಕೂಡಲೇ ಮುಖ ಹೊಳೆಯುವುದರಲ್ಲಿ ಇವುಗಳ ಪಾಲೆಷ್ಟು, ಹುಳದ ಪಾಲೆಷ್ಟು ಎಂದು ಬಳಸುವವರಿಗೆ ತಿಳಿಯುವ ದಾರಿಯಿಲ್ಲ. ಪಟ್ಟಿ ಓದುವಾಗ ಒಂದು ಗುರುತು ಇಟ್ಟುಕೊಳ್ಳಬಹುದು. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲ, ಶೇ. 1ಕ್ಕಿಂತ ಕಡಿಮೆಯಿರುವ ಘಟಕಗಳನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಆದ್ದರಿಂದ ಅದರ ನಂತರ ಬರುವ ಹೆಸರುಗಳು ಎಷ್ಟೇ ಆಕರ್ಷಕವಾಗಿದ್ದರೂ ಬಹುತೇಕ ಶೇ. 1ರ ಒಳಗಿನವು.

ಮನೆಯಲ್ಲೇ ಮಾಡಿಕೊಂಡರಾಗದೇ ಎಂದು ಕೇಳುವವರಿಗೆ ಒಂದು ಗಟ್ಟಿ ಎಚ್ಚರಿಕೆ. ಕೊಡಗಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕೈತೋಟಗಳಿಗೂ ನುಗ್ಗಿರುವ ಆಫ್ರಿಕನ್ ದೈತ್ಯ ಬಸವನಹುಳವನ್ನು ಮುಖದ ಮೇಲೆ ಹರಿಯಬಿಡುವುದು ಅಪಾಯ. ಮಿದುಳುಪೊರೆಯ ಉರಿಯೂತ ತರುವ ಪರಾವಲಂಬಿ ಹುಳ ಅದರಲ್ಲಿರಬಹುದು. ಅದನ್ನು ಬರಿಗೈಯಲ್ಲಿ ಮುಟ್ಟಲೂ ಬಾರದು. ಒಂದೆಲಗ ಅರೆದು ಹಚ್ಚಿದರೆ ಅಂಥ ಭಯವಿಲ್ಲ. ಆದರೆ ಮಣ್ಣಿನ ಬದಿಯ ಎಲೆಯನ್ನು ಒಡೆದ ಮೊಡವೆಗೆ ಹಚ್ಚಿದರೆ ಸೋಂಕಾಗಬಹುದು. ಕೆಲವರಿಗೆ ಒಂದೆಲಗವೇ ಅಲರ್ಜಿ ತರುವುದೂ ಉಂಟು. ಧೂಳಿನ ನುಸಿಯ ಅಲರ್ಜಿ ಇರುವ ಕೆಲವರಿಗೆ ಬಸವನಹುಳ ತಿಂದರೆ ತೀವ್ರ ಅಲರ್ಜಿಯಾದ ಪ್ರಕರಣಗಳಿವೆ, ಅಂಥವರು ಲೋಳೆಯ ವಿಷಯದಲ್ಲೂ ಹುಷಾರಾಗಿರುವುದು ಒಳ್ಳೆಯದು. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಬದಿಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ, ತುರಿಕೆ ಅಥವಾ ಕೆಂಪು ಬಾರದಿದ್ದರೆ ಮಾತ್ರ ಮುಖಕ್ಕೆ ತನ್ನಿ.

ಅಕ್ಕನ ಮಗಳಿಗೆ ಬಾಟಲಿ ಬಿಸಾಡು ಎಂದು ನಾನು ಹೇಳಲಿಲ್ಲ. ಸಂಶೋಧಕರು ಮಾಡಿದ್ದನ್ನೇ ಅವಳೂ ಮಾಡಲಿ ಎಂದೆ. ಬಲಗೆನ್ನೆಗೆ ರಾತ್ರಿ ಒದ್ದೆ ಮುಖದ ಮೇಲೆ ಲೋಳೆಯ ಎಸೆನ್ಸ್, ಅದರ ಮೇಲೆ ಮಾಮೂಲು ಮಾಯಿಶ್ಚರೈಸರ್. ಎಡಗೆನ್ನೆಗೆ ಬರೀ ಮಾಯಿಶ್ಚರೈಸರ್. ಬೆಳಗ್ಗೆ ಎರಡಕ್ಕೂ ಸನ್‌ಸ್ಕ್ರೀನ್. ಮೊದಲ ದಿನ ಮತ್ತು ಎಂಟನೆಯ ವಾರದ ಕೊನೆಗೆ, ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಹೊತ್ತಿಗೆ ಫೋಟೊ. ಸನ್‌ಸ್ಕ್ರೀನ್ ಸೇರಿಸಿದ್ದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು ಶೇ. 24ರಷ್ಟು ಕಡಿಮೆಯಿತ್ತು. ಒಂದೆಲಗಕ್ಕಾಗಲಿ ಬಸವನಹುಳಕ್ಕಾಗಲಿ ಈ ಗಾತ್ರದ ಪುರಾವೆ ಇಲ್ಲ.

ಎಂಟು ವಾರದ ಮೇಲೆ ಅವಳು ಎರಡೂ ಫೋಟೊ ಕಳಿಸಿದಳು. ರಾತ್ರಿ ಹಚ್ಚಿದ ಮೇಲೆ ಬಲಗೆನ್ನೆ ಎಡಕ್ಕಿಂತ ಮೆತ್ತಗಿರುತ್ತದೆ, ಬೆಳಗಿನ ಹೊತ್ತಿಗೆ ಹಾಗೇನೂ ಅನ್ನಿಸುವುದಿಲ್ಲ ಎಂದು ಬರೆದಿದ್ದಳು. ಕಪ್ಪು ಕಲೆಗಳು ಎರಡೂ ಕೆನ್ನೆಗಳಲ್ಲಿ ಒಂದೇ ಸಮನಾಗಿ ತಿಳಿಯಾಗಿದ್ದವು.